ನೀರಿಗೂ ಬೆಂಕಿಗೂ ಆಗಿಬರಲ್ವಾ? ಚೀನೀ ಜ್ಯೋತಿಷ್ಯದ ನಾಲ್ಕು ಕಂಬ ಮತ್ತು ಡೇ ಮಾಸ್ಟರ್ ಹೊಂದಾಣಿಕೆ

ಚೀನೀ ಜ್ಯೋತಿಷ್ಯದ ಆ್ಯಪ್‌ಗಳಲ್ಲಿ ಇಬ್ಬರ ಹುಟ್ಟಿದ ದಿನಾಂಕ ಹಾಕಿದರೆ ಒಂದೇ ಸಾಲಿನಲ್ಲಿ ತೀರ್ಪು ಬರುತ್ತದೆ. "ನಿಮ್ಮದು ನೀರು, ಅವರದು ಬೆಂಕಿ, ಹೊಂದಾಣಿಕೆ ಕಡಿಮೆ." ಕೆಳಗೊಂದು ಶೇಕಡಾವಾರು ಅಂಕ. ಮದುವೆಯಾಗಬೇಕು ಅಂತಿರುವವರು ಇದನ್ನು ನೋಡಿ ನಿಜಕ್ಕೂ ನಿದ್ದೆ ಕೆಡಿಸಿಕೊಳ್ಳುತ್ತಾರೆ. ಆದರೆ ನಾಲ್ಕು ಕಂಬದ ಪದ್ಧತಿಯನ್ನು ಸರಿಯಾಗಿ ಕಲಿತವರು ಯಾರೂ ಹೀಗೆ ಒಂದೇ ಸಾಲಿನಲ್ಲಿ ತೀರ್ಮಾನ ಹೇಳುವುದಿಲ್ಲ. ನೀರು ಮತ್ತು ಬೆಂಕಿ ಅನ್ನುವುದು ಅವರ ಲೆಕ್ಕದಲ್ಲಿ ಪ್ರಶ್ನೆಯ ಶುರು ಮಾತ್ರ.

ಒಂದು ಜೋಡಿಯನ್ನು ಊಹಿಸಿಕೊಂಡು ಪೂರ್ತಿ ಲೆಕ್ಕ ಹಾಕಿ ನೋಡೋಣ. ಹುಡುಗ ಹುಟ್ಟಿದ್ದು 1990ರ ಜೂನ್ 20ರಂದು, ಚೀನಾದ ಚೆಂಗ್ಡು ನಗರದಲ್ಲಿ, ಆಸ್ಪತ್ರೆ ಚೀಟಿಯ ಪ್ರಕಾರ ಮಧ್ಯಾಹ್ನ 12:50ಕ್ಕೆ. ಹುಡುಗಿ ಹುಟ್ಟಿದ್ದು 1991ರ ಡಿಸೆಂಬರ್ 28ರಂದು, ಶಾಂಘೈಯಲ್ಲಿ, ಬೆಳಗ್ಗೆ 6:10ಕ್ಕೆ. ಇವನದು ಕುದುರೆ ವರ್ಷ, ಅವಳದು ಕುರಿ ವರ್ಷ. ಪ್ರಾಣಿ ಮಾತ್ರ ನೋಡುವವರು "ಕುದುರೆ, ಕುರಿ ಬಹಳ ಒಳ್ಳೆ ಜೋಡಿ" ಅನ್ನುತ್ತಾರೆ. ಡೇ ಮಾಸ್ಟರ್, ಅಂದರೆ ಹುಟ್ಟಿದ ದಿನಕ್ಕೆ ಸೇರಿದ ನೀರು, ಬೆಂಕಿಯಂಥ ಗುರುತು ಮಾತ್ರ ನೋಡುವ ಆ್ಯಪ್ "ಬೇಡ" ಅನ್ನುತ್ತದೆ. ಪೂರ್ತಿ ಪಟ್ಟಿ ಬಿಡಿಸಿ ನೋಡಿದರೆ ಬರುವ ಉತ್ತರ ಈ ಎರಡೂ ಅಲ್ಲ.

ಮೊದಲು ಕಂಬಗಳು ಅಂದರೆ ಏನು ಅಂತ ನೋಡೋಣ. ಹುಟ್ಟಿದ ವರ್ಷ, ತಿಂಗಳು, ದಿನ, ಹೊತ್ತು, ಈ ನಾಲ್ಕಕ್ಕೂ ಒಂದೊಂದು ಕಂಬ. ಪ್ರತಿ ಕಂಬದಲ್ಲಿ ಎರಡು ಅಕ್ಷರ, ಒಟ್ಟು ಎಂಟು. ಅದಕ್ಕೇ ಚೀನೀಯರು ಇದನ್ನು ಬಾಝಿ, ಅಂದರೆ ಎಂಟು ಅಕ್ಷರ, ಅಂತ ಕರೆಯುತ್ತಾರೆ. ಮೇಲಿನ ಅಕ್ಷರಕ್ಕೆ ಕಾಂಡ ಅಂತ ಹೆಸರು, ಇವು ಹತ್ತು. ಕೆಳಗಿನದು ಕೊಂಬೆ, ಇವು ಹನ್ನೆರಡು, ನಾವು ಕೇಳಿರುವ ಇಲಿ, ಎತ್ತು, ಹುಲಿ ಇತ್ಯಾದಿ ಪ್ರಾಣಿಗಳು ಇವೇ. ಹತ್ತು ಕಾಂಡಗಳು ಮರ, ಬೆಂಕಿ, ಮಣ್ಣು, ಲೋಹ, ನೀರು ಅನ್ನುವ ಐದು ಧಾತುಗಳ ಯಾಂಗ್ ಮತ್ತು ಯಿನ್ ರೂಪಗಳು. ಯಾಂಗ್ ಬೆಂಕಿಗೆ ಬಿಂಗ್ ಅಂತ ಹೆಸರು, ಅದನ್ನು ಸೂರ್ಯ ಅಂತ ಕಲ್ಪಿಸಿಕೊಳ್ಳುತ್ತಾರೆ. ಯಿನ್ ಬೆಂಕಿ ಡಿಂಗ್, ಅದು ದೀಪ. ಯಾಂಗ್ ನೀರು ರೆನ್, ಅಂದರೆ ಸಮುದ್ರ, ದೊಡ್ಡ ನದಿ. ಯಿನ್ ನೀರು ಗ್ವೇ, ಮಳೆ ಮತ್ತು ಇಬ್ಬನಿ. ಉಳಿದವು ಬಂದಾಗ ಹೇಳುತ್ತೇನೆ.

ಇಲ್ಲಿ ನಮ್ಮ ಜಾತಕಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೆ. ನಾವು ಕೂಟ ನೋಡುವುದು ಚಂದ್ರ ನಿಂತ ನಕ್ಷತ್ರದಿಂದ. ಬಾಝಿಯಲ್ಲಿ ಚಂದ್ರನೂ ಇಲ್ಲ, ಗ್ರಹಗಳೂ ಇಲ್ಲ. ವರ್ಷ, ತಿಂಗಳು ಎರಡೂ ಸೂರ್ಯನ ಋತು ಲೆಕ್ಕ. ವರ್ಷ ಬದಲಾಗುವುದು ಚೀನೀ ಹೊಸ ವರ್ಷದ ಹಬ್ಬದಂದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಆದರೆ ಬಾಝಿಯಲ್ಲಿ ಹೆಚ್ಚಿನವರು ಒಪ್ಪುವ ಗಡಿ ಲಿ ಚುನ್, ಅಂದರೆ ಫೆಬ್ರವರಿ 4ರ ಆಸುಪಾಸು. ತಿಂಗಳುಗಳೂ ಹಾಗೆಯೇ, ನಮ್ಮ ಸಂಕ್ರಮಣದ ಥರ ಸೂರ್ಯ ಒಂದು ಗೆರೆ ದಾಟಿದಾಗ ಬದಲಾಗುತ್ತವೆ. ಕುದುರೆ ತಿಂಗಳು ಜೂನ್ 6ರ ಸುಮಾರಿಗೆ ಶುರುವಾಗಿ ಜುಲೈ 7ರ ತನಕ. ಇಲಿ ತಿಂಗಳು ಡಿಸೆಂಬರ್ 7ರಿಂದ ಜನವರಿ 5ರ ತನಕ. ಹುಡುಗ ನಡು ಬೇಸಿಗೆಯಲ್ಲಿ ಹುಟ್ಟಿದವನು, ಹುಡುಗಿ ನಡು ಚಳಿಗಾಲದಲ್ಲಿ ಹುಟ್ಟಿದವಳು. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಎಲ್ಲವೂ ಇದರ ಸುತ್ತಲೇ ತಿರುಗುತ್ತದೆ.

ದಿನದ ಕಂಬ ಸಿಗುವುದು ಹೇಗೆ? ಹತ್ತು ಕಾಂಡ, ಹನ್ನೆರಡು ಕೊಂಬೆ ಜೊತೆಯಾಗಿ ತಿರುಗುತ್ತಾ ಹೋದರೆ 60 ಜೋಡಿ ಆಗುತ್ತವೆ. ದಿನಗಳು ಈ 60ರ ಚಕ್ರದಲ್ಲಿ ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ, ತಿಂಗಳು ಮುಗಿಯಲಿ, ವರ್ಷ ಮುಗಿಯಲಿ, ಚಕ್ರ ಮುರಿಯುವುದಿಲ್ಲ. 2000ದ ಜನವರಿ 1 ಯಾಂಗ್ ಮಣ್ಣು ಕುದುರೆ ದಿನ. 1990ರ ಜೂನ್ 20 ಅದಕ್ಕಿಂತ 3,482 ದಿನ ಹಿಂದೆ. 60ರಿಂದ ಭಾಗಿಸಿದರೆ 2 ಉಳಿಯುತ್ತದೆ. ಮಣ್ಣು ಕುದುರೆಯಿಂದ ಎರಡು ಹೆಜ್ಜೆ ಹಿಂದೆ ಹೋದರೆ ಮೊದಲು ಯಿನ್ ಬೆಂಕಿ ಹಾವು, ಆಮೇಲೆ ಯಾಂಗ್ ಬೆಂಕಿ ಡ್ರ್ಯಾಗನ್. ಅದೇ ನಮ್ಮ ಹುಡುಗನ ದಿನ: ಬಿಂಗ್ ಡ್ರ್ಯಾಗನ್. ಯಾವುದೇ ಆ್ಯಪ್ ಸರಿಯಾಗಿದೆಯಾ ಅಂತ ನೀವೇ ಹೀಗೆ ಪರೀಕ್ಷೆ ಮಾಡಬಹುದು.

ಜಾಸ್ತಿ ತಪ್ಪು ಆಗುವುದು ಹೊತ್ತಿನ ಕಂಬದಲ್ಲಿ. ದಿನವನ್ನು ಎರಡೆರಡು ಗಂಟೆಯ ಹನ್ನೆರಡು ಭಾಗ ಮಾಡಿದ್ದಾರೆ. 9ರಿಂದ 11 ಹಾವು, 11ರಿಂದ 1 ಕುದುರೆ. ಹುಡುಗನ ಚೀಟಿಯಲ್ಲಿ 12:50 ಇದೆ, ಹಾಗಾದರೆ ಕುದುರೆ ಹೊತ್ತು ಅಲ್ವಾ? ಅಲ್ಲ. ಚೀನಾದಲ್ಲಿ 1986ರಿಂದ 1991ರ ತನಕ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಿದ್ದರು. ಅಲ್ಲಿಗೆ 12:50 ಅಂದರೆ ನಿಜವಾಗಿ 11:50. ಇನ್ನೂ ಮುಗಿದಿಲ್ಲ. ಇಡೀ ಚೀನಾಕ್ಕೆ ಒಂದೇ ಸಮಯ, ಅದು 120 ಡಿಗ್ರಿ ರೇಖಾಂಶದ್ದು. ಚೆಂಗ್ಡು ಇರುವುದು ಸುಮಾರು 104 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ಅಲ್ಲಿ ಸೂರ್ಯ 64 ನಿಮಿಷ ತಡ. ಅದನ್ನೂ ಕಳೆದರೆ 10:46. ಹಾವಿನ ಹೊತ್ತು! ಕುದುರೆ ಹೊತ್ತಾಗಿದ್ದರೆ ಅದರ ಮೇಲೆ ಯಾಂಗ್ ಮರ ಕೂರುತ್ತಿತ್ತು, ಹಾವಿನ ಹೊತ್ತಾದ್ದರಿಂದ ಗ್ವೇ ಕೂರುತ್ತದೆ, ಅಂದರೆ ಮಳೆನೀರು. ಬೆಂಕಿಗೆ ಇನ್ನಷ್ಟು ಸೌದೆಯೋ, ನಾಲ್ಕು ಹನಿ ನೀರೋ ಅನ್ನುವಷ್ಟು ವ್ಯತ್ಯಾಸ. ಸ್ಥಳೀಯ ಸೂರ್ಯನ ಸಮಯ ಬೇಡ, ಗಡಿಯಾರವೇ ಸಾಕು ಅನ್ನುವ ಗುರುಗಳೂ ಇದ್ದಾರೆ. ಆದರೆ ಋತುವನ್ನು ಸೂರ್ಯನಿಂದಲೇ ಅಳೆದು ಹೊತ್ತನ್ನು ಮಾತ್ರ ಸರ್ಕಾರಿ ಗಡಿಯಾರದಿಂದ ಅಳೆಯುವುದು ನನಗೆ ಸರಿ ಕಾಣುವುದಿಲ್ಲ.

ಹುಡುಗಿಯ ವಿಷಯದಲ್ಲಿ ಈ ತೊಂದರೆ ಇಲ್ಲ. ಡಿಸೆಂಬರಿನಲ್ಲಿ ಗಡಿಯಾರ ಮುಂದಿಡುತ್ತಿರಲಿಲ್ಲ, ಶಾಂಘೈ 120 ಡಿಗ್ರಿಗೆ ತೀರಾ ಹತ್ತಿರ. 5ರಿಂದ 7ರ ಮೊಲದ ಹೊತ್ತೇ ಖಾಯಂ.

ಹಾಗಾಗಿ ಎರಡು ಪಟ್ಟಿ ಹೀಗಿವೆ.

ಹುಡುಗ: ವರ್ಷ ಗೆಂಗ್ ಕುದುರೆ, ತಿಂಗಳು ರೆನ್ ಕುದುರೆ, ದಿನ ಬಿಂಗ್ ಡ್ರ್ಯಾಗನ್, ಹೊತ್ತು ಗ್ವೇ ಹಾವು.

ಹುಡುಗಿ: ವರ್ಷ ಶಿನ್ ಕುರಿ, ತಿಂಗಳು ಗೆಂಗ್ ಇಲಿ, ದಿನ ರೆನ್ ಕೋತಿ, ಹೊತ್ತು ಗ್ವೇ ಮೊಲ.

ಗೆಂಗ್ ಅಂದರೆ ಯಾಂಗ್ ಲೋಹ, ಕೊಡಲಿಯಂಥ ಗಟ್ಟಿ ಲೋಹ. ಶಿನ್ ಯಿನ್ ಲೋಹ, ಒಡವೆ.

ದಿನದ ಕಂಬದ ಮೇಲಿನ ಅಕ್ಷರವೇ ಡೇ ಮಾಸ್ಟರ್. ಅದು ಆ ವ್ಯಕ್ತಿ. ಉಳಿದ ಏಳು ಅಕ್ಷರಗಳು ಅವರ ಸುತ್ತಲಿನ ಜಗತ್ತು. ಹಿಂದೆ ಹೀಗಿರಲಿಲ್ಲ, ಟಾಂಗ್ ರಾಜವಂಶದ ಕಾಲದಲ್ಲಿ ವರ್ಷದ ಕಂಬವನ್ನೇ ಮುಖ್ಯ ಅಂತ ಹಿಡಿಯುತ್ತಿದ್ದರು. ದಿನವನ್ನು ನಡುವಿಗೆ ತಂದ ಬದಲಾವಣೆಗೆ ಸಾಂಗ್ ಕಾಲದ ಶು ಜಿಪಿಂಗ್ ಅವರ ಹೆಸರು ಹೇಳುತ್ತಾರೆ, ಇವತ್ತಿಗೂ ಈ ಪದ್ಧತಿಗೆ ಜಿಪಿಂಗ್ ಪದ್ಧತಿ ಅಂತಲೇ ಹೆಸರು. ಇದು ಬಹಳ ದೊಡ್ಡ ತಿರುವು. ವರ್ಷ ಒಂದನ್ನೇ ನೋಡಿದರೆ ಒಂದಿಡೀ ಪೀಳಿಗೆಗೆ ಒಂದೇ ಹಣೆಬರಹ ಬರೆದಂತಾಗುತ್ತದೆ. ಜಪಾನಿನಲ್ಲಿ ಹಾಗೆಯೇ ಆಯಿತು. ಬೆಂಕಿ ಕುದುರೆ ವರ್ಷದಲ್ಲಿ ಹುಟ್ಟಿದ ಹೆಣ್ಣು ಗಂಡನಿಗೆ ಕೆಡುಕು ಅನ್ನುವ ನಂಬಿಕೆಯಿಂದ 1966ರಲ್ಲಿ ಅಲ್ಲಿ ಹುಟ್ಟಿದ ಮಕ್ಕಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಸುಮಾರು ಕಾಲು ಭಾಗ ಕುಸಿಯಿತು. ಎಂಟು ಅಕ್ಷರದಲ್ಲಿ ಎರಡನ್ನು ಮಾತ್ರ ಓದಿದ್ದಕ್ಕೆ ಇಷ್ಟು ದೊಡ್ಡ ಬೆಲೆ.

ಈಗ ಹೊಂದಾಣಿಕೆಗೆ ಬರೋಣ. ಇಬ್ಬರ ಡೇ ಮಾಸ್ಟರ್ ಎದುರುಬದುರು ಇಡಿ: ಬಿಂಗ್ ಮತ್ತು ರೆನ್. ಸೂರ್ಯ ಮತ್ತು ಸಮುದ್ರ. ಐದು ಧಾತುಗಳಲ್ಲಿ ಎರಡು ಬಗೆಯ ಸಂಬಂಧ ಇದೆ. ಒಂದು ಹುಟ್ಟಿಸುವುದು: ಮರ ಬೆಂಕಿಯನ್ನು, ಬೆಂಕಿ ಮಣ್ಣನ್ನು, ಮಣ್ಣು ಲೋಹವನ್ನು, ಲೋಹ ನೀರನ್ನು, ನೀರು ಮರವನ್ನು. ಇನ್ನೊಂದು ಹಿಡಿತದಲ್ಲಿಡುವುದು: ಮರ ಮಣ್ಣನ್ನು, ಮಣ್ಣು ನೀರನ್ನು, ನೀರು ಬೆಂಕಿಯನ್ನು, ಬೆಂಕಿ ಲೋಹವನ್ನು, ಲೋಹ ಮರವನ್ನು. ರೆನ್ ಬಿಂಗನ್ನು ಹಿಡಿತದಲ್ಲಿಡುತ್ತದೆ, ಅದೂ ಯಾಂಗ್‌ಗೆ ಯಾಂಗ್ ಎದುರು, ಮೃದುತನ ಇಲ್ಲದ ನೇರ ಹಿಡಿತ. ಕಾಂಡಗಳ ಹಳೆಯ ಪಟ್ಟಿಯಲ್ಲಿ ಬಿಂಗ್ ಮತ್ತು ರೆನ್ ಢಿಕ್ಕಿ ಹೊಡೆಯುವ ಜೋಡಿ ಅಂತಲೇ ಇದೆ. ಕೂಡಿಕೊಳ್ಳುವ ಜೋಡಿಗಳು ಐದೇ, ಅದರಲ್ಲಿ ರೆನ್‌ಗೆ ಜೊತೆ ಡಿಂಗ್, ಬಿಂಗ್‌ಗೆ ಜೊತೆ ಶಿನ್. ಆ್ಯಪ್ ಈ ಪಟ್ಟಿ ನೋಡಿ ಅಂಕ ಕೊಡುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ.

ಆದರೆ ಡೇ ಮಾಸ್ಟರ್‌ಗಳ ಸಂಬಂಧ ಹೇಳುವುದು ಇಬ್ಬರ ನಡುವೆ ವ್ಯವಹಾರ ಯಾವ ರೀತಿ ಇರುತ್ತದೆ ಅನ್ನುವುದನ್ನು. ಅದು ಒಳ್ಳೆಯದೋ ಕೆಟ್ಟದ್ದೋ ಅಂತ ಹೇಳುವುದಿಲ್ಲ. ಇಲ್ಲಿ ಅವಳ ಮಾತಿಗೆ ಅವನ ಮೇಲೆ ತೂಕ ಜಾಸ್ತಿ. ಅವನಿಗೆ ಅವಳ ಎದುರು ಸ್ವಲ್ಪ ಒತ್ತಡ ಅನ್ನಿಸುತ್ತದೆ, ಅವಳಿಗೆ ಅವನು ತಾನು ನೋಡಿಕೊಳ್ಳಬೇಕಾದವನು, ತನ್ನ ಜವಾಬ್ದಾರಿ ಅನ್ನಿಸುತ್ತದೆ. ಆ ಒತ್ತಡ ಅವನಿಗೆ ಬೇಕಾದದ್ದೋ ಬೇಡವಾದದ್ದೋ? ಅದನ್ನು ತಿಳಿಯಲು ಅವನ ಸ್ವಂತ ಪಟ್ಟಿಯನ್ನೇ ಮೊದಲು ಓದಬೇಕು.

ಅವನ ಪಟ್ಟಿ ನೋಡಿ. ಬಿಂಗ್, ಎರಡು ಕುದುರೆ, ಒಂದು ಹಾವು. ಕುದುರೆ ಮತ್ತು ಹಾವು ಎರಡೂ ಬೆಂಕಿಯ ಕೊಂಬೆಗಳು, ಹಾಗಾಗಿ ಎಂಟರಲ್ಲಿ ನಾಲ್ಕು ಬೆಂಕಿ. ಅದಕ್ಕಿಂತ ಮುಖ್ಯ, ತಿಂಗಳೇ ಬೆಂಕಿಯದು. ತಿಂಗಳ ಕೊಂಬೆಗೆ ಉಳಿದ ಎಲ್ಲಕ್ಕಿಂತ ಜಾಸ್ತಿ ತೂಕ, ಯಾಕೆಂದರೆ ಋತು ಅಂದರೆ ಅದೇ. ನಡು ಬೇಸಿಗೆಯ ಸೂರ್ಯ ಇವನು, ಯಾರ ಸಹಾಯವೂ ಇಲ್ಲದೆ ಉರಿಯುತ್ತಾನೆ. ಮೇಲೆ ರೆನ್, ಗ್ವೇ ಅಂತ ಎರಡು ನೀರು ಕಾಣುತ್ತವಲ್ಲ, ಅವು ಸಾಲಲ್ವಾ? ಅವು ಯಾವುದರ ಮೇಲೆ ಕೂತಿವೆ ನೋಡಿ, ರೆನ್ ಕುದುರೆಯ ಮೇಲೆ, ಗ್ವೇ ಹಾವಿನ ಮೇಲೆ. ಕಾದ ಬಾಣಲೆಗೆ ಬಿದ್ದ ಹನಿಯಂತೆ. ಬೇರು ಅಂತ ಇರುವುದು ಡ್ರ್ಯಾಗನ್‌ನಲ್ಲಿ ಮಾತ್ರ, ಅದು ಒಳಗೆ ಸ್ವಲ್ಪ ನೀರು ಹಿಡಿದಿಟ್ಟುಕೊಂಡ ಒದ್ದೆ ಮಣ್ಣು. ನೀರಿಗೆ ಮೂಲವಾಗಬೇಕಾದ ಗೆಂಗ್ ಲೋಹವೂ ಕುದುರೆಯ ಮೇಲೆ ಕೂತು ಕರಗುತ್ತಿದೆ. ಬೇಸಿಗೆಯ ಬಿಂಗ್‌ಗೆ ಮೊದಲು ಬೇಕಾದದ್ದು ರೆನ್, ಅದಕ್ಕೆ ಬೆಂಬಲವಾಗಿ ಲೋಹ ಅಂತ ಋತು ನೋಡಿ ಹೇಳುವ ಹಳೆಯ ಪಂಡಿತರ ಅಭಿಪ್ರಾಯ. ಸೂರ್ಯನ ಕೆಳಗೆ ದೊಡ್ಡ ಕೆರೆಯಿದ್ದರೆ ಬಿಸಿಲಿಗೆ ಬೆಲೆ ಅನ್ನುವುದು ಅವರ ಚಿತ್ರ.

ಅವಳ ಪಟ್ಟಿ ಇದರ ತದ್ವಿರುದ್ಧ. ಲೋಹ ಮೂರು, ಶಿನ್, ಗೆಂಗ್ ಮತ್ತು ಕೋತಿ. ನೀರು ಮೂರು, ರೆನ್, ಗ್ವೇ ಮತ್ತು ಇಲಿ. ಕುರಿ ಮಣ್ಣು, ಮೊಲ ಮರ. ಬೆಂಕಿ ಒಂದೂ ಮೇಲೆ ಕಾಣುವುದಿಲ್ಲ, ಕುರಿಯ ಒಳಗೆ ಸ್ವಲ್ಪ ಕೆಂಡ ಮುಚ್ಚಿಟ್ಟುಕೊಂಡಿದೆ ಅಷ್ಟೇ. ತಿಂಗಳು ಇಲಿ, ಚಳಿಗಾಲದ ನಡು, ನೀರು ತನ್ನ ಪೂರ್ತಿ ಬಲದಲ್ಲಿರುವ ಕಾಲ. ಹಿಂದಿನಿಂದ ಲೋಹ ನೀರು ಸುರಿಯುತ್ತಲೇ ಇದೆ. ಹೆಪ್ಪುಗಟ್ಟುವಷ್ಟು ಚಳಿ, ಉಕ್ಕುವಷ್ಟು ನೀರು. ಇವಳಿಗೆ ಬೇಕಾದದ್ದು ಕಟ್ಟೆ ಕಟ್ಟಲು ಮಣ್ಣು, ಬೆಚ್ಚಗಾಗಲು ಬಿಂಗ್. ಇಲಿ ತಿಂಗಳ ರೆನ್‌ಗೆ ಇವೆರಡೇ ಮದ್ದು.

ಈಗ ಮತ್ತೆ ಇಬ್ಬರನ್ನೂ ಎದುರುಬದುರು ಕೂರಿಸಿ. ಅವನಿಗೆ ಬೇಕಾದ ರೆನ್ ಅವಳೇ, ಜೊತೆಗೆ ಲೋಹವನ್ನೂ ತಂದಿದ್ದಾಳೆ. ಅವಳಿಗೆ ಬೇಕಾದ ಬಿಂಗ್ ಅವನೇ. ಆ್ಯಪ್ "ಢಿಕ್ಕಿ" ಅಂತ ಕೆಂಪು ಗೆರೆ ಎಳೆದ ಜಾಗದಲ್ಲೇ ಈ ಜೋಡಿಯ ನಿಜವಾದ ಬಲ ಇದೆ. ಅವಳ ಹಿಡಿತ ಅವನನ್ನು ಆರಿಸುವುದಿಲ್ಲ, ಅಷ್ಟು ದುರ್ಬಲ ಬೆಂಕಿ ಅವನಲ್ಲ. ಅವನ ಶಾಖ ಅವಳನ್ನು ಒಣಗಿಸುವುದಿಲ್ಲ, ಅಷ್ಟು ಕಮ್ಮಿ ನೀರು ಅವಳಲ್ಲ.

ಇದನ್ನು ತಿರುಗಿಸಿ ನೋಡಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಇದೇ ಹುಡುಗಿಗೆ ಡಿಂಗ್ ಡೇ ಮಾಸ್ಟರ್ ಇರುವ ಇನ್ನೊಬ್ಬ ಹುಡುಗ ಸಿಕ್ಕ ಅಂದುಕೊಳ್ಳಿ. ಪಟ್ಟಿಯ ಪ್ರಕಾರ ರೆನ್ ಮತ್ತು ಡಿಂಗ್ ಕೂಡಿಕೊಳ್ಳುವ ಜೋಡಿ, ಆ್ಯಪ್ ಭರ್ಜರಿ ಅಂಕ ಕೊಡುತ್ತದೆ. ಆದರೆ ಅವನೂ ಚಳಿಗಾಲದಲ್ಲೇ ಹುಟ್ಟಿದವನು, ದೀಪಕ್ಕೆ ಎಣ್ಣೆಯಾಗಬೇಕಾದ ಮರ ಅವನ ಪಟ್ಟಿಯಲ್ಲಿ ಇಲ್ಲ ಅಂದರೆ? ಆಕರ್ಷಣೆ ನಿಜವಾಗಿಯೂ ಇರುತ್ತದೆ, ಕೂಡುವ ಜೋಡಿ ಅಂದರೆ ಅದೇ. ಆದರೆ ಈ ಸಮುದ್ರದ ಪಕ್ಕ ಆ ದೀಪ ನಿಲ್ಲುವುದು ಕಷ್ಟ. ಅವನು ಸಂಸಾರದಲ್ಲಿ ದಿನೇದಿನೇ ಸಣ್ಣಗಾಗುತ್ತಾ ಹೋಗುತ್ತಾನೆ. ಸೆಳೆತ ಬೇರೆ, ಪೋಷಣೆ ಬೇರೆ. ಡೇ ಮಾಸ್ಟರ್ ಪಟ್ಟಿ ಮೊದಲನೆಯದನ್ನು ಮಾತ್ರ ತೋರಿಸುತ್ತದೆ.

ಇನ್ನೊಂದು ಸುಲಭದ ತಪ್ಪು, ಇಲ್ಲದ ಧಾತುವನ್ನು ಎಣಿಸುವುದು. "ನಿಮ್ಮಲ್ಲಿ ಬೆಂಕಿ ಸೊನ್ನೆ, ಬೆಂಕಿ ಇರುವವರನ್ನು ಮದುವೆಯಾಗಿ" ಅನ್ನುವ ಸಲಹೆ. ಹುಡುಗಿಯ ವಿಷಯದಲ್ಲಿ ಅದು ಸರಿಯಾಗಿ ಬಂತು. ಆದರೆ ಹುಡುಗನ ಎಂಟು ಅಕ್ಷರದಲ್ಲಿ ಮರ ಸೊನ್ನೆ, ಹಾಗಂತ ಅವನಿಗೆ ಮರ ಬೇಕಾ? ಬೇಡವೇ ಬೇಡ. ಮರ ಬಂದರೆ ಬೆಂಕಿಗೆ ಸೌದೆ, ಇರುವ ಚೂರು ನೀರನ್ನೂ ಅದೇ ಕುಡಿದುಬಿಡುತ್ತದೆ. ಇಲ್ಲದ್ದೆಲ್ಲಾ ಬೇಕಾದದ್ದಲ್ಲ. ಡೇ ಮಾಸ್ಟರ್ ಬಲವಾಗಿದೆಯೋ ದುರ್ಬಲವಾಗಿದೆಯೋ, ಋತು ಬಿಸಿಯೋ ತಂಪೋ, ಇವೆರಡು ಗೊತ್ತಾದ ಮೇಲೆಯೇ ಏನು ಬೇಕು ಅಂತ ಹೇಳಲು ಸಾಧ್ಯ.

ಅನುಭವಿಗಳು ಆಮೇಲೆ ನೋಡುವುದು ಸಂಗಾತಿಯ ಮನೆ. ದಿನದ ಕಂಬದಲ್ಲಿ ಡೇ ಮಾಸ್ಟರ್ ಕೆಳಗೆ ಇರುವ ಕೊಂಬೆ ಅದು. ಗಂಡ ಅಥವಾ ಹೆಂಡತಿ ಕೂರುವ ಜಾಗ, ಸಂಸಾರದ ಒಳಮನೆ. ಇವನದು ಡ್ರ್ಯಾಗನ್, ಅವಳದು ಕೋತಿ. ಈ ಎರಡು ಇಲಿಯ ಜೊತೆ ಸೇರಿದರೆ ನೀರಿನ ಕೂಟ ಆಗುತ್ತದೆ, ಕೋತಿ, ಇಲಿ, ಡ್ರ್ಯಾಗನ್, ಮೂರೂ ಒಂದೇ ಕಡೆ ಹರಿಯುವ ಕೊಂಬೆಗಳು. ಇಲಿ ಅವಳ ತಿಂಗಳಲ್ಲೇ ಇದೆ! ಅಂದರೆ ಇಬ್ಬರ ಪಟ್ಟಿ ಸೇರಿದಾಗ ಕೂಟ ಪೂರ್ತಿ. ಇಬ್ಬರ ಒಳಮನೆ ಕೂಡುತ್ತದೆ, ಮನೆಯೊಳಗೆ ಇಬ್ಬರೇ ಇದ್ದಾಗ ಒಂದೇ ಲಯ, ಒಂದೇ ಅಭ್ಯಾಸ ಅಂತ ಇದನ್ನು ಓದುತ್ತಾರೆ. ಅವನಿಗಂತೂ ಇದು ವರ. ಅವನ ಡ್ರ್ಯಾಗನ್‌ನಲ್ಲಿದ್ದ ಚೂರು ನೀರು ಈಗ ನಿಜವಾದ ಬೇರಾಗುತ್ತದೆ.

ಅವಳಿಗೆ? ಇಲ್ಲಿ ನಿಧಾನವಾಗಿ ಓದಬೇಕು. ಅವಳಿಗೆ ಮಣ್ಣು ಬೇಕಿತ್ತು, ಡ್ರ್ಯಾಗನ್ ಮಣ್ಣೇ. ಆದರೆ ಈ ಕೂಟಕ್ಕೆ ಸೇರಿದ ಕೂಡಲೇ ಅದು ಕಟ್ಟೆಯಾಗುವುದನ್ನು ಬಿಟ್ಟು ನೀರಿನ ಕಡೆಗೇ ವಾಲುತ್ತದೆ. ಮೊದಲೇ ಉಕ್ಕುತ್ತಿದ್ದವಳಿಗೆ ಇನ್ನಷ್ಟು ನೀರು. ಹಾಗಾಗಿ ಒಂದೇ ಕೂಟ ಅವನಿಗೆ ಆಸರೆ, ಅವಳಿಗೆ ಹೊರೆ. ಅವನು "ನನ್ನ ಮದುವೆ ಬಹಳ ಚೆನ್ನಾಗಿದೆ" ಅನ್ನುವ ದಿನವೇ ಅವಳು "ಎಲ್ಲಾ ನಾನೇ ನೋಡಬೇಕು" ಅನ್ನಬಹುದು. ಹೊಂದಾಣಿಕೆ ಅನ್ನುವುದು ಎರಡೂ ಕಡೆ ಒಂದೇ ಅಳತೆಯಲ್ಲಿ ಇರುವುದಿಲ್ಲ, ಅದಕ್ಕೇ ಇಬ್ಬರಿಗೂ ಸೇರಿಸಿ ಒಂದೇ ಅಂಕ ಕೊಡುವ ಪದ್ಧತಿ ನನಗೆ ಒಪ್ಪಿಗೆ ಇಲ್ಲ. ಅವನ ಕಡೆಯಿಂದ ಒಮ್ಮೆ, ಅವಳ ಕಡೆಯಿಂದ ಒಮ್ಮೆ, ಎರಡು ಸಲ ಓದಲೇಬೇಕು.

ಅವಳ ಪಾಲಿಗೆ ಸಮಾಧಾನ ಬೇರೆ ಜಾಗದಲ್ಲಿದೆ. ಬಾಝಿಯಲ್ಲಿ ಗಂಡಸಿಗೆ ಹೆಂಡತಿಯ ನಕ್ಷತ್ರ ಅಂದರೆ ತನ್ನ ಡೇ ಮಾಸ್ಟರ್ ಹಿಡಿತದಲ್ಲಿಡುವ ಧಾತು, ಹೆಂಗಸಿಗೆ ಗಂಡನ ನಕ್ಷತ್ರ ಅಂದರೆ ತನ್ನನ್ನು ಹಿಡಿತದಲ್ಲಿಡುವ ಧಾತು. ಹಳೆಯ ಕಾಲದ ಸಂಸಾರದ ಕಲ್ಪನೆಯಿಂದ ಬಂದ ನಿಯಮ ಇದು, ಇವತ್ತು ಹಲವರು ಇದನ್ನು ಸಂಬಂಧದ ಸೂಚಕ ಅಂತ ಮಾತ್ರ ಇಟ್ಟುಕೊಂಡು ಅಧಿಕಾರದ ಅರ್ಥವನ್ನು ಕೈಬಿಟ್ಟಿದ್ದಾರೆ, ಅದೇ ಸರಿ. ನೀರಿನ ಹುಡುಗಿಗೆ ಗಂಡನ ನಕ್ಷತ್ರ ಮಣ್ಣು, ಅದರಲ್ಲೂ ಯಿನ್ ಮಣ್ಣು, ಹೊಲದ ಮಣ್ಣು. ಅವನ ಪಟ್ಟಿಯ ಎರಡೂ ಕುದುರೆಗಳ ಒಳಗೆ ಅದು ಅಡಗಿದೆ, ಬೆಂಕಿಯ ಜೊತೆಗೇ. ಬೆಚ್ಚಗಿನ, ಒಣ ಮಣ್ಣು. ಅವಳಿಗೆ ಬೇಕಾದ ಎರಡೂ ಮದ್ದು ಒಂದೇ ಕೊಂಬೆಯಲ್ಲಿ. ಅವನ ಕಡೆಯಿಂದ ನೋಡಿದರೆ ಬೆಂಕಿಯ ಹಿಡಿತದಲ್ಲಿರುವುದು ಲೋಹ, ಬಿಂಗ್‌ಗೆ ಹೆಂಡತಿಯ ನಕ್ಷತ್ರ ಶಿನ್. ಅದು ಅವಳ ವರ್ಷದ ಕಾಂಡದಲ್ಲೇ ಎದ್ದು ಕಾಣುತ್ತದೆ, ಬಿಂಗ್ ಮತ್ತು ಶಿನ್ ಕೂಡಿಕೊಳ್ಳುವ ಜೋಡಿ ಅಂತ ಆಗಲೇ ನೋಡಿದೆವು. ಡೇ ಮಾಸ್ಟರ್‌ಗಳು ಒಂದಕ್ಕೊಂದು ಢಿಕ್ಕಿ ಹೊಡೆದರೂ ಅವನ ಡೇ ಮಾಸ್ಟರ್ ಅವಳ ಮನೆಯ ಹೊಸ್ತಿಲಲ್ಲೇ ತನ್ನ ಜೊತೆಯನ್ನು ಕಂಡುಕೊಂಡಿದೆ.

ತೊಂದರೆಯ ಜಾಗ ತಿಂಗಳ ಕಂಬ. ಅವನದು ಕುದುರೆ, ಅವಳದು ಇಲಿ, ನೇರ ಎದುರುಬದುರು ನಿಲ್ಲುವ ಕೊಂಬೆಗಳು. ತಿಂಗಳ ಕಂಬ ಅಂದರೆ ಅಪ್ಪ ಅಮ್ಮ, ಒಡಹುಟ್ಟಿದವರು, ಬೆಳೆದ ರೀತಿ, ಕೆಲಸ. ಹಾಗಾಗಿ ಈ ಜೋಡಿಗೆ ಜಗಳ ಬಂದರೆ ಒಳಮನೆಯಿಂದ ಬರುವುದಿಲ್ಲ, ಎರಡು ಕುಟುಂಬಗಳ ನಡುವಿನಿಂದ ಬರುತ್ತದೆ ಅಂತ ಓದಬೇಕು. ಹಬ್ಬ ಯಾರ ಮನೆಯಲ್ಲಿ, ದುಡ್ಡು ಖರ್ಚು ಮಾಡುವ ರೀತಿ, ಯಾರ ಊರಿನಲ್ಲಿ ಕೆಲಸ, ಇಂಥವು. ಕುದುರೆ ಅವನಲ್ಲಿ ಎರಡಿರುವುದರಿಂದ ಅವನ ಕಡೆಯವರು ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ವರ್ಷದ ಕುದುರೆ ಮತ್ತು ಕುರಿ ಕೂಡುವ ಕೊಂಬೆಗಳು ನಿಜ, ಆದರೆ ವರ್ಷದ ಕಂಬ ಅಜ್ಜ ಅಜ್ಜಿ, ವಂಶ, ಹೊರಗಿನ ಸಮಾಜ. ಮದುವೆಗೆ ಬಂದ ನೆಂಟರು "ಒಳ್ಳೆ ಜೋಡಿ" ಅನ್ನುವುದಕ್ಕೆ ಅದು ಸಾಕು, ನಿತ್ಯದ ಸಂಸಾರಕ್ಕೆ ಅದರ ಪಾಲು ಕಡಿಮೆ.

ಇಷ್ಟೆಲ್ಲಾ ಓದಿ "ಇದು ನಿಜವಾ" ಅಂತ ಕೇಳಿದರೆ ನೇರವಾಗಿ ಹೇಳುತ್ತೇನೆ. ಬಾಝಿ ಮದುವೆಯ ಭವಿಷ್ಯ ಹೇಳುತ್ತದೆ ಅನ್ನುವುದಕ್ಕೆ ವೈಜ್ಞಾನಿಕ ಆಧಾರ ಇಲ್ಲ. ಲೆಕ್ಕವೇ ಅದರ ಮಿತಿಯನ್ನು ತೋರಿಸುತ್ತದೆ. ಒಂದು ವರ್ಷದಲ್ಲಿ 365 ದಿನ, ದಿನಕ್ಕೆ 12 ಹೊತ್ತು, ಅಂದರೆ ಸುಮಾರು 4,380 ಪಟ್ಟಿ ಮಾತ್ರ. 1990ರಲ್ಲಿ ಚೀನಾದಲ್ಲಿ ಹುಟ್ಟಿದ ಮಕ್ಕಳು ಎರಡು ಕೋಟಿಗೂ ಜಾಸ್ತಿ. ಸರಾಸರಿ ನೋಡಿದರೆ ನಮ್ಮ ಹುಡುಗನ ಇದೇ ಎಂಟು ಅಕ್ಷರ ಇನ್ನೂ ಸಾವಿರಾರು ಜನರಿಗೆ ಇದೆ, ಅವರೆಲ್ಲರ ಮದುವೆ ಒಂದೇ ಥರ ಆಗಿರಲು ಸಾಧ್ಯವಿಲ್ಲ. ಚೀನಾದ ಹಳೆಯ ಪದ್ಧತಿಯಲ್ಲೂ ಎಂಟು ಅಕ್ಷರವೇ ಕೊನೆಯ ಮಾತಾಗಿರಲಿಲ್ಲ. ಹುಡುಗಿಯ ಎಂಟು ಅಕ್ಷರ ಬರೆದ ಕಾರ್ಡನ್ನು ಹುಡುಗನ ಮನೆಯ ಹಿರಿಯರ ಪೀಠದ ಮುಂದೆ ಮೂರು ದಿನ ಇಟ್ಟು, ಆ ದಿನಗಳಲ್ಲಿ ಮನೆಯಲ್ಲಿ ಪಾತ್ರೆ ಒಡೆಯದೆ, ಜಗಳ ಆಗದೆ ಇದ್ದರೆ ಮುಂದುವರಿಯುವ ರೂಢಿಯೂ ಇತ್ತು. ಹಾಗಾಗಿ ಈ ಓದನ್ನು ಇಬ್ಬರು ಕೂತು ಮಾತಾಡಲು ಸಿಗುವ ಪ್ರಶ್ನೆಗಳ ಪಟ್ಟಿ ಅಂತ ತೆಗೆದುಕೊಂಡರೆ ಉಪಯೋಗಕ್ಕೆ ಬರುತ್ತದೆ. ಬರೀ ಪಟ್ಟಿ ನೋಡಿ ಸಂಬಂಧ ಮುರಿಯುವುದು ತಪ್ಪು.

ಪಂಡಿತರ ನಡುವೆ ಭಿನ್ನಾಭಿಪ್ರಾಯವೂ ಇದೆ. ರಾತ್ರಿ 11ರಿಂದ 12ರ ನಡುವೆ ಹುಟ್ಟಿದವರಿಗೆ ದಿನದ ಕಂಬ ಇವತ್ತಿನದೋ ನಾಳೆಯದೋ ಅಂತ ಒಮ್ಮತ ಇಲ್ಲ, ಅಂದರೆ ಡೇ ಮಾಸ್ಟರ್ರೇ ಬದಲಾಗಿಬಿಡಬಹುದು. ಹುಟ್ಟಿದ ಹೊತ್ತು ಗೊತ್ತಿಲ್ಲದಿದ್ದರೆ ಆರು ಅಕ್ಷರದಿಂದ ಓದಬೇಕು, ಆಗ ಬಲಾಬಲದ ತೀರ್ಮಾನ ಅರ್ಧ ಊಹೆ. ನಮ್ಮ ಜೋಡಿಯಂತೆ ಋತು ಇಷ್ಟು ಸ್ಪಷ್ಟವಾಗಿದ್ದರೆ ತಪ್ಪು ಕಮ್ಮಿ. ವಸಂತದಲ್ಲೋ ಶರತ್ಕಾಲದಲ್ಲೋ ಹುಟ್ಟಿ, ಧಾತುಗಳು ಸರಿಸುಮಾರು ಸಮ ಇದ್ದರೆ ಇಬ್ಬರು ಗುರುಗಳು ಎರಡು ಉತ್ತರ ಕೊಡುತ್ತಾರೆ. ಯಾರಾದರೂ ನಿಮಗೆ ಹೊಂದಾಣಿಕೆ ಹೇಳುವಾಗ ಹುಟ್ಟಿದ ಊರು ಕೇಳಲಿಲ್ಲ, ಹುಟ್ಟಿದ ತಿಂಗಳ ಬಗ್ಗೆ ಒಂದು ಮಾತೂ ಆಡಲಿಲ್ಲ ಅಂದರೆ ಅವರು ಓದಿದ್ದು ಕಂಬಗಳನ್ನಲ್ಲ, ಎರಡು ಅಕ್ಷರದ ಕೋಷ್ಟಕವನ್ನು.

ಕೊನೆಗೆ ನೋಡುವುದು ಹತ್ತು ವರ್ಷದ ದೆಸೆಗಳು. ಹುಟ್ಟಿದ ತಿಂಗಳ ಕಂಬದಿಂದ ಒಂದೊಂದೇ ಕಂಬ ಮುಂದೆ ಅಥವಾ ಹಿಂದೆ ಸಾಗುತ್ತದೆ, ಒಂದೊಂದಕ್ಕೂ ಹತ್ತು ವರ್ಷ. ಶುರುವಾಗುವ ವಯಸ್ಸಿಗೆ ಒಂದು ಲೆಕ್ಕ ಇದೆ: ಮುಂದೆ ಸಾಗುವವರಿಗೆ ಹುಟ್ಟಿದ ದಿನದಿಂದ ಮುಂದಿನ ತಿಂಗಳ ಗಡಿಗೆ ಎಷ್ಟು ದಿನವೋ ಅದರಲ್ಲಿ ಮೂರು ದಿನಕ್ಕೆ ಒಂದು ವರ್ಷ. ಯಾಂಗ್ ವರ್ಷದ ಗಂಡಸು, ಯಿನ್ ವರ್ಷದ ಹೆಂಗಸು ಮುಂದೆ ಸಾಗುತ್ತಾರೆ, ಹಾಗಾಗಿ ನಮ್ಮಿಬ್ಬರದೂ ಮುಂದಕ್ಕೆ. ಅವನಿಗೆ ಗಡಿಗೆ 17 ದಿನ ಚಿಲ್ಲರೆ, ಆರು ವರ್ಷ ತುಂಬುವುದಕ್ಕೆ ಸ್ವಲ್ಪ ಮೊದಲು ಶುರು. ಅವಳಿಗೆ 9 ದಿನ, ಮೂರು ವರ್ಷ ತುಂಬುವ ಹೊತ್ತಿಗೆ ಶುರು. ಈ ಲೆಕ್ಕದಲ್ಲಿ ಅವನಿಗೆ 2026ರಲ್ಲಿ ಬಿಂಗ್ ನಾಯಿ ದೆಸೆ ಬರುತ್ತದೆ, ಅವಳಿಗೆ 2024ರ ಕೊನೆಯಿಂದಲೇ ಯಾಂಗ್ ಮರ ಡ್ರ್ಯಾಗನ್ ದೆಸೆ.

ನಾಯಿ ಒಣ ಮಣ್ಣು, ಕುದುರೆಗಳ ಜೊತೆ ಸೇರಿ ಬೆಂಕಿಯ ಕಡೆ ಹೋಗುತ್ತದೆ. ಅದಕ್ಕಿಂತ ಮುಖ್ಯ, ನಾಯಿ ಮತ್ತು ಡ್ರ್ಯಾಗನ್ ಎದುರಾಳಿಗಳು, ಡ್ರ್ಯಾಗನ್ ಅವನ ಸಂಗಾತಿಯ ಮನೆ. ಹತ್ತು ವರ್ಷ ಆ ಮನೆಗೆ ಹೊಡೆತ. ಅದೇ ಸಮಯದಲ್ಲಿ ಅವಳಿಗೆ ಡ್ರ್ಯಾಗನ್ ಬಂದು ಕೋತಿ, ಇಲಿ ಜೊತೆ ನೀರಿನ ಕೂಟ ಅವಳೊಳಗೇ ಪೂರ್ತಿಯಾಗುತ್ತದೆ. ಅವನಿಗೆ ಬೆಂಕಿ ಮಿತಿಮೀರುವ ಹತ್ತು ವರ್ಷ, ಅವಳಿಗೆ ನೀರು ಮಿತಿಮೀರುವ ಹತ್ತು ವರ್ಷ, ಎರಡೂ ಹೆಚ್ಚುಕಡಿಮೆ ಒಟ್ಟಿಗೆ. ಜೊತೆಯಲ್ಲಿದ್ದರೆ ಒಬ್ಬರ ಹೆಚ್ಚುವರಿ ಇನ್ನೊಬ್ಬರ ಕೊರತೆಯನ್ನು ತುಂಬುತ್ತದೆ. ಕೆಲಸಕ್ಕಾಗಿ ಬೇರೆ ಬೇರೆ ಊರಿನಲ್ಲಿ ಇದ್ದುಬಿಟ್ಟರೆ ಇಬ್ಬರಿಗೂ ಅದು ಸಿಗುವುದಿಲ್ಲ. ಹಾಗಾಗಿ ಈ ಪಟ್ಟಿ ಓದುವವರು ಇವರಿಗೆ ಹೇಳುವ ಮೊದಲ ಮಾತು, ಈ ಹತ್ತು ವರ್ಷ ಆದಷ್ಟು ಒಂದೇ ಮನೆಯಲ್ಲಿರಿ ಅಂತ. ಎರಡನೆಯದು, 2030ನ್ನು ಗುರುತು ಹಾಕಿಟ್ಟುಕೊಳ್ಳಿ, ಅದು ಮತ್ತೆ ನಾಯಿ ವರ್ಷ, ದೆಸೆಯೂ ನಾಯಿ, ಡ್ರ್ಯಾಗನ್‌ಗೆ ಎರಡು ಕಡೆಯಿಂದ ಹೊಡೆತ. ಮನೆ ಬದಲಾಯಿಸುವುದು, ದೊಡ್ಡ ಸಾಲ, ಎರಡು ಕುಟುಂಬಗಳ ನಡುವೆ ಉಳಿದುಕೊಂಡ ಹಳೆಯ ವಿಷಯ, ಇವನ್ನು ಆ ವರ್ಷಕ್ಕೆ ಎಳೆದುಕೊಂಡು ಹೋಗದೆ ಮೊದಲೇ ಮಾತಾಡಿ ಮುಗಿಸಿಕೊಳ್ಳಿ.